ದೂರದ ರಸ್ತೆ ಒಮ್ಮೆ ಮಸುಕು, ಒಮ್ಮೆ ಮಿಣಮಿಣ

ಕಾರು ಓಡಿಸುವ ಯಾವುದಾದರೂ ವಿಡಿಯೊ ಗೇಮ್ ಹಾಕಿ, ಕಾರನ್ನು ನಿಲ್ಲಿಸಿ, ಮುಂದಿನ ರಸ್ತೆಯನ್ನಷ್ಟೇ ನೋಡಿ. ಬಾನೆಟ್ ಪಕ್ಕದ ಡಾಂಬರಿನಲ್ಲಿ ಜಲ್ಲಿಯ ಹರಳುಗಳೆಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಹತ್ತು ಮೀಟರ್ ಆಚೆಗೆ ಕಣ್ಣು ಹಾಯಿಸಿದರೆ ಹರಳೂ ಇಲ್ಲ, ಬಿರುಕೂ ಇಲ್ಲ, ಬೂದುಬಣ್ಣ ಬಳಿದು ಬಿಟ್ಟಂತಿರುತ್ತದೆ. ನಡುವಿನ ಬಿಳಿ ಗೆರೆಯೂ ಅದರಲ್ಲೇ ಕರಗಿಹೋಗಿರುತ್ತದೆ. ಇನ್ನೊಂದು ಗೇಮ್‌ನಲ್ಲಿ ಕಥೆ ತಿರುಗುಮುರುಗು. ನಿಂತಾಗ ದೂರದ ರಸ್ತೆಯೂ ಚೂಪಾಗಿಯೇ ಇದೆ ಅನ್ನಿಸುತ್ತದೆ, ಆದರೆ ಕಾರು ಹೊರಟ ಕೂಡಲೇ ಅಲ್ಲೆಲ್ಲ ಚುಕ್ಕಿಗಳು ಹುಟ್ಟಿ ಮಾಯವಾಗತೊಡಗುತ್ತವೆ. ಇಡೀ ನೆಲ ಮಿಣಮಿಣ ಎನ್ನುತ್ತದೆ.

ಎರಡಕ್ಕೂ ಜನ ಗ್ರಾಫಿಕ್ಸ್ ಕಾರ್ಡನ್ನು ಬೈಯುತ್ತಾರೆ. ಕಾರ್ಡಿನ ತಪ್ಪು ಅಲ್ಲಿ ಬಹಳ ಕಡಿಮೆ. ಮಸುಕು ಮತ್ತು ಮಿಣುಕು ಎರಡೂ ಒಂದೇ ಪ್ರಶ್ನೆಗೆ ಸಿಕ್ಕ ಎರಡು ಅರೆಬರೆ ಉತ್ತರಗಳು. ಪ್ರಶ್ನೆ ಏನೆಂದು ತಿಳಿಯಲು ಸ್ವಲ್ಪ ಲೆಕ್ಕ ಮಾಡಬೇಕು. ಶಾಲೆಯ ಗಣಿತ ಸಾಕು.

ಗೇಮ್‌ನ ರಸ್ತೆ ಅಂದರೆ ಒಂದು ಚಪ್ಪಟೆ ಹಾಳೆ, ಅದರ ಮೇಲೆ ಅಂಟಿಸಿದ ಒಂದು ಚಿತ್ರ. ಆ ಚಿತ್ರಕ್ಕೆ ಟೆಕ್ಸ್ಚರ್ ಎನ್ನುತ್ತಾರೆ, ಅದರ ಒಂದೊಂದು ಚುಕ್ಕಿಗೆ ಟೆಕ್ಸೆಲ್ ಎನ್ನುತ್ತಾರೆ. ಪರದೆಯ ಚುಕ್ಕಿ ಪಿಕ್ಸೆಲ್. ನಮ್ಮ ಟೆಕ್ಸ್ಚರ್ 1024 ಟೆಕ್ಸೆಲ್ ಅಗಲ, ಅಷ್ಟೇ ಉದ್ದ ಇರಲಿ. ಅದು 2 ಮೀಟರ್ ಚೌಕದ ರಸ್ತೆಯನ್ನು ಮುಚ್ಚಲಿ. ಆಗ ಒಂದು ಟೆಕ್ಸೆಲ್ ಅಂದರೆ ನೆಲದ ಮೇಲೆ ಸುಮಾರು 2 ಮಿಲಿಮೀಟರ್. ಚಿತ್ರದ ಸರಿಯಾಗಿ ನಡುವೆ, ರಸ್ತೆಯ ಉದ್ದಕ್ಕೆ, 10 ಸೆಂಟಿಮೀಟರ್ ಅಗಲದ ಬಿಳಿ ಗೆರೆ ಇದೆ. ನೋಡುವ ಕಣ್ಣು, ಅಂದರೆ ಗೇಮ್‌ನ ಕ್ಯಾಮೆರಾ, ನೆಲದಿಂದ 1.6 ಮೀಟರ್ ಎತ್ತರದಲ್ಲಿದೆ, ನಿಂತ ಮನುಷ್ಯನ ಕಣ್ಣಿನ ಮಟ್ಟ. ಪರದೆಯ ಎತ್ತರ 1080 ಪಿಕ್ಸೆಲ್, ಕ್ಯಾಮೆರಾದ ನೋಟ ಮೇಲಿನಿಂದ ಕೆಳಕ್ಕೆ 60 ಡಿಗ್ರಿ.

ಹತ್ತು ಮೀಟರ್ ದೂರದಲ್ಲಿ ಪರದೆಯ ಒಂದೇ ಒಂದು ಪಿಕ್ಸೆಲ್ ನೆಲದ ಎಷ್ಟು ಜಾಗವನ್ನು ತೋರಿಸಬೇಕು? ಅಡ್ಡಕ್ಕೆ ಸುಮಾರು 1.1 ಸೆಂಟಿಮೀಟರ್. ಉದ್ದಕ್ಕೆ, ಅಂದರೆ ನಮ್ಮಿಂದ ದೂರ ಹೋಗುವ ದಿಕ್ಕಿನಲ್ಲಿ, 6.7 ಸೆಂಟಿಮೀಟರ್. ನಾವು ನೆಲವನ್ನು ಓರೆಯಾಗಿ ನೋಡುತ್ತಿರುವುದರಿಂದ ಚೌಕದ ಪಿಕ್ಸೆಲ್ ನೆಲದ ಮೇಲೆ ಉದ್ದನೆಯ ಪಟ್ಟಿಯಾಗಿ ಬೀಳುತ್ತದೆ. ನಲವತ್ತು ಮೀಟರ್ ದೂರಕ್ಕೆ ಹೋದರೆ ಪಟ್ಟಿಯ ಅಗಲ 4.3 ಸೆಂಟಿಮೀಟರ್ ಆಗುತ್ತದೆ, ಉದ್ದ ಒಂದು ಮೀಟರನ್ನೂ ದಾಟಿ 1.07 ಮೀಟರ್ ಆಗುತ್ತದೆ. ದೂರ ನಾಲ್ಕು ಪಟ್ಟಾದರೆ ಅಗಲವೂ ನಾಲ್ಕು ಪಟ್ಟು, ಉದ್ದ ಮಾತ್ರ ಹದಿನಾರು ಪಟ್ಟು. ಟೆಕ್ಸೆಲ್ ಲೆಕ್ಕದಲ್ಲಿ ಹೇಳುವುದಾದರೆ ಅಡ್ಡಕ್ಕೆ 22, ಉದ್ದಕ್ಕೆ 548. ಗುಣಿಸಿ ನೋಡಿ: ಒಂದು ಪಿಕ್ಸೆಲ್ಲಿನ ಕೆಳಗೆ ಹನ್ನೆರಡು ಸಾವಿರ ಟೆಕ್ಸೆಲ್‌ಗಳು ಕೂತಿವೆ. ಪಿಕ್ಸೆಲ್ಲಿಗೆ ಇರುವುದು ಒಂದೇ ಬಣ್ಣ. ಯಾವುದನ್ನು ಕೊಡಬೇಕು?

ನ್ಯಾಯವಾಗಿ ಹನ್ನೆರಡು ಸಾವಿರದ ಸರಾಸರಿಯನ್ನು ಕೊಡಬೇಕು. ಆದರೆ ಪರದೆಯಲ್ಲಿ ಇಪ್ಪತ್ತು ಲಕ್ಷ ಪಿಕ್ಸೆಲ್‌ಗಳಿವೆ, ಸೆಕೆಂಡಿಗೆ ಅರವತ್ತು ಸಲ ಚಿತ್ರ ಬಿಡಿಸಬೇಕು. ಪ್ರತಿ ಪಿಕ್ಸೆಲ್ಲಿಗೂ ಅಷ್ಟು ಓದುವುದು ಆಗದ ಮಾತು. ಸೋಮಾರಿ ಉಪಾಯವೆಂದರೆ ಪಿಕ್ಸೆಲ್ಲಿನ ಮಧ್ಯಬಿಂದು ಎಲ್ಲಿ ಬೀಳುತ್ತದೋ ಅಲ್ಲಿನ ಒಂದು ಟೆಕ್ಸೆಲನ್ನು ಎತ್ತಿಕೊಳ್ಳುವುದು, ಅಥವಾ ಅದರ ಸುತ್ತಲಿನ ನಾಲ್ಕನ್ನು ಬೆರೆಸುವುದು. ಈ ನಾಲ್ಕರ ಬೆರಕೆಗೆ ಬೈಲೀನಿಯರ್ ಎನ್ನುತ್ತಾರೆ. ಹನ್ನೆರಡು ಸಾವಿರದಲ್ಲಿ ನಾಲ್ಕನ್ನು ಕೇಳಿ ತೀರ್ಪು ಕೊಟ್ಟರೆ ಆ ತೀರ್ಪು ಅದೃಷ್ಟದ ಮೇಲೆ ನಿಂತಿರುತ್ತದೆ. ಈ ಕ್ಷಣ ಸಿಕ್ಕಿದ್ದು ಕಪ್ಪು ಹರಳು. ಕ್ಯಾಮೆರಾ ಕೂದಲೆಳೆಯಷ್ಟು ಸರಿದರೆ ಸಿಗುವುದು ಬಿಳಿ ಹರಳು. ಪಿಕ್ಸೆಲ್ ಕಪ್ಪಿನಿಂದ ಬಿಳಿಗೆ ಜಿಗಿಯುತ್ತದೆ, ಪಕ್ಕದ್ದು ಬಿಳಿಯಿಂದ ಕಪ್ಪಿಗೆ. ನೀವು ಕಂಡ ಮಿಣಮಿಣ ಇದೇ. ಟೀವಿಯಲ್ಲಿ ಸಣ್ಣ ಗೆರೆಗಳ ಅಂಗಿ ತೊಟ್ಟು ಕೂತವರ ಮೈಮೇಲೆ ಅಲೆಅಲೆಯಾಗಿ ಏನೋ ಹರಿದಾಡುವುದನ್ನು ನೋಡಿದ್ದೀರಲ್ಲ, ಅದರ ಮೂಲವೂ ಇಲ್ಲಿಯೇ ಇದೆ: ವಿವರ ಹೆಚ್ಚು, ಅದನ್ನು ಹಿಡಿಯುವ ಚುಕ್ಕಿಗಳು ಕಡಿಮೆ.

ಇದಕ್ಕೆ ಪರಿಹಾರವಾಗಿ 1983ರಲ್ಲಿ ಲ್ಯಾನ್ಸ್ ವಿಲಿಯಮ್ಸ್ ಎಂಬ ಅಮೆರಿಕದ ತಜ್ಞ ಒಂದು ಉಪಾಯವನ್ನು ಪ್ರಕಟಿಸಿದರು. ಆಗ ಅವರು ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದರು. ಸರಾಸರಿಯನ್ನು ಆಟದ ನಡುವೆ ಮಾಡುವುದೇಕೆ, ಮೊದಲೇ ಮಾಡಿಟ್ಟುಕೊಂಡರಾಯಿತು ಎಂಬುದು ಅದರ ತಿರುಳು. 1024ರ ಚಿತ್ರವನ್ನು ಅರ್ಧಕ್ಕಿಳಿಸಿ 512ರದ್ದು ಮಾಡಿ, ಅದನ್ನು ಇಳಿಸಿ 256ರದ್ದು, ಹೀಗೆ ಕೊನೆಗೆ ಒಂದೇ ಟೆಕ್ಸೆಲ್ ಉಳಿಯುವ ತನಕ. ಸೊನ್ನೆಯಿಂದ ಹತ್ತರವರೆಗೆ ಒಟ್ಟು ಹನ್ನೊಂದು ಹಂತಗಳು. ಪ್ರತಿ ಹಂತದ ಒಂದು ಟೆಕ್ಸೆಲ್ ಹಿಂದಿನ ಹಂತದ ನಾಲ್ಕರ ಸರಾಸರಿ. ಈ ಸರಣಿಯೇ ಮಿಪ್‌ಮ್ಯಾಪ್. ಹನ್ನೊಂದು ಚಿತ್ರ ಇಟ್ಟುಕೊಂಡರೆ ಮೆಮೊರಿ ಎಷ್ಟು ತಿನ್ನುತ್ತದೋ ಎಂದು ಹೆದರಬೇಕಿಲ್ಲ, ಒಂದೊಂದೂ ಹಿಂದಿನದರ ಕಾಲು ಭಾಗವಾದ್ದರಿಂದ ಎಲ್ಲ ಸೇರಿ ಹೆಚ್ಚುವರಿ ಮೂರನೇ ಒಂದು ಪಾಲು ಮಾತ್ರ. 4 ಎಂಬಿ ಚಿತ್ರ 5.3 ಎಂಬಿ ಆಗುತ್ತದೆ. ಮೇಲಾಗಿ ಕೆಲಸ ನಿಧಾನವಾಗುವ ಬದಲು ಚುರುಕಾಗುತ್ತದೆ. ದೂರದ ಪಿಕ್ಸೆಲ್‌ಗಳು ಚಿಕ್ಕ ಚಿತ್ರದಿಂದ ಓದುವಾಗ ಅಕ್ಕಪಕ್ಕದ ಟೆಕ್ಸೆಲ್‌ಗಳೇ ಬೇಕಾಗುತ್ತವೆ, ಅವು ಚಿಪ್ಪಿನೊಳಗಿನ ಸಣ್ಣ ಮೆಮೊರಿಯಲ್ಲೇ ಸಿಗುತ್ತವೆ. ವೇಗ ಸಿಗಲಿ ಎಂದು ಮಿಪ್‌ಮ್ಯಾಪ್ ತೆಗೆದುಹಾಕುವವರು ವೇಗವನ್ನೂ ಅಂದವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ.

ಯಾವ ಪಿಕ್ಸೆಲ್ಲಿಗೆ ಯಾವ ಹಂತ ಎಂದು ಕಾರ್ಡಿಗೆ ಹೇಗೆ ಗೊತ್ತಾಗುತ್ತದೆ? ಅದು ಪಿಕ್ಸೆಲ್‌ಗಳನ್ನು ನಾಲ್ಕು ನಾಲ್ಕರ ಗುಂಪಾಗಿ ಬಿಡಿಸುತ್ತದೆ, ಎರಡು ಅಡ್ಡ, ಎರಡು ಉದ್ದ. ಪಕ್ಕದ ಪಿಕ್ಸೆಲ್ಲಿಗೆ ಹೋದರೆ ಟೆಕ್ಸ್ಚರಿನಲ್ಲಿ ಎಷ್ಟು ಟೆಕ್ಸೆಲ್ ಜಿಗಿದಂತಾಯಿತು, ಮೇಲಿನ ಪಿಕ್ಸೆಲ್ಲಿಗೆ ಹೋದರೆ ಎಷ್ಟು ಎಂದು ಕಳೆದು ನೋಡುತ್ತದೆ. ಒಂದು ಟೆಕ್ಸೆಲ್ ಜಿಗಿತವಾದರೆ ಸೊನ್ನೆಯ ಹಂತ, ಎರಡಾದರೆ ಒಂದನೆಯದು, ನಾಲ್ಕಾದರೆ ಎರಡನೆಯದು. ಉತ್ತರ ಎರಡು ಹಂತಗಳ ನಡುವೆ ಬಂದರೆ ಎರಡನ್ನೂ ಓದಿ ಬೆರೆಸಬಹುದು, ಅದು ಟ್ರೈಲೀನಿಯರ್. ಹಾಗೆ ಬೆರೆಸದೆ ಹತ್ತಿರದ ಹಂತವನ್ನೇ ಹಿಡಿದರೆ ನೆಲದ ಮೇಲೆ ಹಂತ ಬದಲಾಗುವ ಜಾಗದಲ್ಲಿ ಅಡ್ಡಗೆರೆಯೊಂದು ಕಾಣುತ್ತದೆ, ನೀವು ಮುಂದೆ ಹೋದಂತೆ ಅದೂ ಮುಂದೆ ಮುಂದೆ ಓಡುತ್ತದೆ.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿದೆ, ಮಿಣಮಿಣ ನಿಂತಿತು. ತೊಡಕು ಶುರುವಾಗುವುದು ಅಡ್ಡಕ್ಕೆ 22, ಉದ್ದಕ್ಕೆ 548 ಎಂಬ ಆ ಎರಡು ಅಂಕಿಗಳಲ್ಲಿ. ಮಿಪ್‌ಮ್ಯಾಪಿನ ಚಿತ್ರಗಳು ಎರಡೂ ದಿಕ್ಕಿಗೆ ಸಮನಾಗಿ ಕುಗ್ಗಿದಂಥವು. ಅಡ್ಡಕ್ಕೆ ಸ್ವಲ್ಪ, ಉದ್ದಕ್ಕೆ ಬಹಳ ಕುಗ್ಗಿದ ಚಿತ್ರ ಆ ಸರಣಿಯಲ್ಲಿಲ್ಲ. ಎರಡರಲ್ಲಿ ಒಂದನ್ನು ನಂಬಬೇಕು. 22ನ್ನು ನಂಬಿದರೆ ನಾಲ್ಕು-ಐದನೇ ಹಂತ ಸಾಕು, ಆದರೆ ಉದ್ದದ ದಿಕ್ಕಿನಲ್ಲಿ ಮತ್ತೆ ಮಿಣಮಿಣ. ಹಾಗಾಗಿ ಕಾರ್ಡು ದೊಡ್ಡ ಅಂಕಿಯನ್ನೇ ನಂಬುತ್ತದೆ. 548 ಅಂದರೆ ಒಂಬತ್ತನೇ ಹಂತ.

ಒಂಬತ್ತನೇ ಹಂತದಲ್ಲಿ ಏನು ಉಳಿದಿರುತ್ತದೆ? 1024 ಟೆಕ್ಸೆಲ್ ಇದ್ದದ್ದು ಅಡ್ಡಕ್ಕೆ ಎರಡು, ಉದ್ದಕ್ಕೆ ಎರಡು. ಒಂದೊಂದು ಟೆಕ್ಸೆಲ್ ಒಂದು ಮೀಟರ್ ಚೌಕ. ನಮ್ಮ 10 ಸೆಂಟಿಮೀಟರ್ ಬಿಳಿ ಗೆರೆ ಸರಿಯಾಗಿ ನಡುವೆ ಇತ್ತಲ್ಲ, ಅದು ಎರಡು ಪಾಲಾಗಿ ಆಚೆ 5, ಈಚೆ 5 ಸೆಂಟಿಮೀಟರ್ ಹಂಚಿಹೋಗುತ್ತದೆ. ಎರಡೂ ಟೆಕ್ಸೆಲ್‌ಗಳಲ್ಲಿ ಬಿಳಿಯ ಪಾಲು ಶೇ 5. ಎರಡೂ ಒಂದೇ ಬೂದುಬಣ್ಣ. ಗೆರೆ ಮಸುಕಾಗಿದೆ ಎನ್ನುವಂತೆಯೂ ಇಲ್ಲ, ಗೆರೆಯೇ ಇಲ್ಲ. ಅದೇ ದೂರದಲ್ಲಿ ಪಿಕ್ಸೆಲ್ಲಿನ ಅಗಲ 4.3 ಸೆಂಟಿಮೀಟರ್ ತಾನೆ? ಅಂದರೆ ಆ ಗೆರೆ ಪರದೆಯ ಮೇಲೆ ಎರಡು ಪಿಕ್ಸೆಲ್‌ಗಿಂತ ಹೆಚ್ಚು ಅಗಲವಾಗಿ, ಚೆನ್ನಾಗಿಯೇ ಕಾಣಬೇಕಿತ್ತು. ಪರದೆಗೆ ತೋರಿಸುವ ಶಕ್ತಿ ಇತ್ತು, ನಾವೇ ಅಳಿಸಿ ಕೊಟ್ಟೆವು. ಉದ್ದದ ದಿಕ್ಕಿನ ಪಾಪಕ್ಕೆ ಅಡ್ಡದ ದಿಕ್ಕು ದಂಡ ಕಟ್ಟಿತು.

ಈ ಉದ್ದ-ಅಗಲಗಳ ಅನುಪಾತಕ್ಕೆ ಒಂದು ಸರಳ ಸೂತ್ರವಿದೆ. ಸಮತಟ್ಟಾದ ನೆಲದ ಮೇಲೆ ಅದು ದೂರವನ್ನು ಕಣ್ಣಿನ ಎತ್ತರದಿಂದ ಭಾಗಿಸಿದಷ್ಟು. 10ನ್ನು 1.6ರಿಂದ ಭಾಗಿಸಿದರೆ 6.25, 40ಕ್ಕೆ 25. ಪರದೆ ಎಷ್ಟು ದೊಡ್ಡದು, ಟೆಕ್ಸ್ಚರ್ ಎಷ್ಟು ದುಬಾರಿಯದು ಎಂಬುದು ಇದರಲ್ಲಿ ಬರುವುದೇ ಇಲ್ಲ. 1024ರ ಬದಲು 4096ರ ಚಿತ್ರ ಹಾಕಿದರೂ ಅನುಪಾತ ಅಷ್ಟೇ, ಕಾರ್ಡು ಎರಡು ಹಂತ ಮುಂದಿನದನ್ನು ಆರಿಸಿ ಅದೇ ಬೂದುಬಣ್ಣಕ್ಕೆ ಬಂದು ನಿಲ್ಲುತ್ತದೆ. ದೂರದ ನೆಲ ಮಸುಕಾಗಿದೆ ಎಂದು ದೊಡ್ಡ ಟೆಕ್ಸ್ಚರ್ ತಂದು ಹಾಕುವುದು ವ್ಯರ್ಥ. ಕಾರಿನೊಳಗೆ ಕೂತು ಆಡುವ ಗೇಮ್‌ಗಳಲ್ಲಿ ಕಣ್ಣು ಇನ್ನೂ ಕೆಳಗೆ, ಸುಮಾರು 1.1 ಮೀಟರ್ ಇದ್ದರೆ 40 ಮೀಟರಿಗೆ ಅನುಪಾತ 36 ದಾಟುತ್ತದೆ. ರಸ್ತೆಯ ಮಸುಕು ರೇಸಿಂಗ್ ಗೇಮ್‌ಗಳಲ್ಲೇ ಹೆಚ್ಚು ಕಣ್ಣಿಗೆ ರಾಚುವುದು ಇದರಿಂದ.

ಅನೈಸೊಟ್ರೊಪಿಕ್ ಫಿಲ್ಟರಿಂಗ್ ಈ ಅನುಪಾತವನ್ನೇ ಹಿಡಿದು ಕೆಲಸ ಮಾಡುತ್ತದೆ. ಉದ್ದನೆಯ ಪಟ್ಟಿಯನ್ನು ಒಂದೇ ಏಟಿಗೆ ಓದುವ ಬದಲು ಅದನ್ನು ಉದ್ದಕ್ಕೆ ತುಂಡು ಮಾಡಿಕೊಂಡು, ತುಂಡಿಗೊಂದು ಸಲ ಓದಿ, ಬಂದದ್ದನ್ನೆಲ್ಲ ಬೆರೆಸುತ್ತದೆ. ಪಟ್ಟಿ ಅಗಲದ ಆರು ಪಟ್ಟು ಉದ್ದವಿದ್ದರೆ ಸುಮಾರು ಆರು ಓದು. ಪ್ರತಿ ತುಂಡೂ ಹೆಚ್ಚುಕಡಿಮೆ ಚೌಕವಾದ್ದರಿಂದ ಹಂತವನ್ನು ಈಗ ಅಗಲದ ಲೆಕ್ಕದಲ್ಲಿ ಆರಿಸಬಹುದು. ಸೆಟ್ಟಿಂಗ್ಸ್‌ನಲ್ಲಿ ಕಾಣುವ 2x, 4x, 8x, 16x ಎಂಬುದು ಈ ತುಂಡುಗಳ ಗರಿಷ್ಠ ಮಿತಿ. 16x ಎಂದಿಟ್ಟರೆ ಎಲ್ಲ ಕಡೆ ಹದಿನಾರು ಸಲ ಓದುತ್ತದೆ ಎಂದಲ್ಲ. ಎದುರಿಗೇ ನಿಂತ ಗೋಡೆಗೆ ಅನುಪಾತ ಒಂದೇ ಆದ್ದರಿಂದ ಒಂದೇ ಓದು. ಓರೆಯಾದ ನೆಲಕ್ಕೆ ಮಾತ್ರ ಹೆಚ್ಚು.

ನಮ್ಮ ರಸ್ತೆಗೆ ಇದನ್ನು ಹಚ್ಚಿ ನೋಡೋಣ. 16x ಮಿತಿ ಮುಗಿಯುವುದು ಅನುಪಾತ 16 ಆದಲ್ಲಿ, ಅಂದರೆ 1.6ರ ಹದಿನಾರು ಪಟ್ಟು, 25.6 ಮೀಟರ್. ಅಲ್ಲಿಯವರೆಗೆ ಅಡ್ಡದಿಕ್ಕಿನ ವಿವರ ನಷ್ಟವಾಗುವುದೇ ಇಲ್ಲ. 40 ಮೀಟರಿನಲ್ಲಿ 25 ತುಂಡು ಬೇಕಿತ್ತು, ಸಿಗುವುದು 16. ಆದ್ದರಿಂದ ಒಂದೊಂದು ತುಂಡಿನ ಉದ್ದ 548ರ ಹದಿನಾರನೇ ಭಾಗ, ಸುಮಾರು 34 ಟೆಕ್ಸೆಲ್, ಹಂತ ಐದು. ಐದನೇ ಹಂತದ ಟೆಕ್ಸೆಲ್ ನೆಲದ ಮೇಲೆ 6.25 ಸೆಂಟಿಮೀಟರ್ ಅಗಲ. ಬಿಳಿ ಗೆರೆ ಅಂಚಿನಲ್ಲಿ ಕೊಂಚ ಮೆತ್ತಗಾಗಿ, ಆದರೆ ಗೆರೆಯಾಗಿಯೇ ವಾಪಸ್ ಬರುತ್ತದೆ. 8x ಇಟ್ಟರೆ ಆರನೇ ಹಂತ, ಟೆಕ್ಸೆಲ್ ಅಗಲ 12.5 ಸೆಂಟಿಮೀಟರ್, ಗೆರೆ ಇದೆ ಎಂದು ಊಹಿಸುವ ಮಟ್ಟಿಗೆ ಕಾಣುತ್ತದೆ. ಮಿತಿ ದಾಟಿದ ಮೇಲೂ ಏನೂ ಮುರಿದು ಬೀಳುವುದಿಲ್ಲ, ಮಸುಕು ನಿಧಾನವಾಗಿ ಏರುತ್ತದೆ, ಅಷ್ಟೇ.

ಇದೆಲ್ಲವನ್ನೂ ಕಾರ್ಡಿಗೆ ಹೇಳುವ ಚೀಟಿಯೇ ಸ್ಯಾಂಪ್ಲರ್. ಚಿತ್ರ ಬೇರೆ, ಅದನ್ನು ಹೇಗೆ ಓದಬೇಕೆಂಬ ಸೂಚನೆ ಬೇರೆ. ವಲ್ಕನ್ ಎಂಬ ಗ್ರಾಫಿಕ್ಸ್ ವ್ಯವಸ್ಥೆಯಲ್ಲಿ ರಸ್ತೆಗೆ ಬೇಕಾದ ಸೂಚನೆ ಹೀಗಿರುತ್ತದೆ:

```c
info.magFilter        = VK_FILTER_LINEAR;
info.minFilter        = VK_FILTER_LINEAR;
info.mipmapMode       = VK_SAMPLER_MIPMAP_MODE_LINEAR;
info.anisotropyEnable = VK_TRUE;
info.maxAnisotropy    = 16.0f;
info.minLod           = 0.0f;
info.maxLod           = VK_LOD_CLAMP_NONE;
info.mipLodBias       = 0.0f;
```

ಮೊದಲ ಮೂರು ಸಾಲು ಸೇರಿದರೆ ಟ್ರೈಲೀನಿಯರ್, ಮುಂದಿನ ಎರಡು ಅನೈಸೊಟ್ರೊಪಿಕ್. ಜನ ಎಡವುವುದು `maxLod` ಎಂಬಲ್ಲಿ. ಯಾವ ಹಂತದವರೆಗೆ ಹೋಗಬಹುದು ಎಂಬ ಮಿತಿ ಅದು. ಪ್ರೋಗ್ರಾಮ್ ಬರೆಯುವವರು ಇಡೀ ಚೀಟಿಯನ್ನು ಸೊನ್ನೆಯಿಂದ ತುಂಬಿ, ಬೇಕಾದದ್ದನ್ನಷ್ಟೇ ಬದಲಿಸುವುದು ರೂಢಿ. ಈ ಸಾಲನ್ನು ಮರೆತರೆ ಮಿತಿ ಸೊನ್ನೆಯಾಗಿ ಉಳಿಯುತ್ತದೆ. ಹನ್ನೊಂದು ಹಂತಗಳೂ ಮೆಮೊರಿಯಲ್ಲಿ ಸಿದ್ಧವಾಗಿವೆ, ಓದುವುದು ಮಾತ್ರ ಸೊನ್ನೆಯನೆಯದನ್ನೇ. ದೋಷದ ಸಂದೇಶ ಬರುವುದಿಲ್ಲ, ಪರದೆ ಕಪ್ಪಾಗುವುದಿಲ್ಲ, ನಿಂತ ಚಿತ್ರ ತೆಗೆದು ನೋಡಿದರೆ ಚೂಪಾಗಿಯೇ ಇದೆ. ನಡೆದರೆ ಮಿಣಮಿಣ. ಓಪನ್‌ಜಿಎಲ್ ಎಂಬ ಹಳೆಯ ವ್ಯವಸ್ಥೆ ಈ ವಿಷಯದಲ್ಲಿ ಒರಟಾದರೂ ಪ್ರಾಮಾಣಿಕ: ಮಿಪ್‌ಮ್ಯಾಪ್ ಬೇಕೆಂದು ಹೇಳಿ ಹಂತಗಳನ್ನು ತುಂಬದಿದ್ದರೆ ಟೆಕ್ಸ್ಚರ್ ಸಾಮಾನ್ಯವಾಗಿ ಕಪ್ಪಾಗಿಯೇ ಬರುತ್ತದೆ, ತಪ್ಪು ತಕ್ಷಣ ಗೊತ್ತಾಗುತ್ತದೆ.

ಕೊನೆಯ ಸಾಲು `mipLodBias` ಇನ್ನೂ ಕುತೂಹಲದ್ದು. ಕಾರ್ಡು ಲೆಕ್ಕ ಹಾಕಿದ ಹಂತಕ್ಕೆ ಇಷ್ಟು ಕೂಡು ಅಥವಾ ಕಳೆ ಎಂದು ಅದರ ಅರ್ಥ. ಮೈನಸ್ 1 ಎಂದರೆ ಐದರ ಬದಲು ನಾಲ್ಕನೇ ಹಂತ. ನೆಲ ಕೂಡಲೇ ಚೂಪಾಗುತ್ತದೆ, ಜಾಹೀರಾತಿನ ಚಿತ್ರಕ್ಕೆ ಸೊಗಸಾಗಿರುತ್ತದೆ. ಚಲಿಸುವಾಗ ಬೆಲೆ ತೆರಬೇಕು. ಮಸುಕಿಗೆ ಇದನ್ನು ಮದ್ದಾಗಿ ಬಳಸುವವರು ಬಹಳ, ನನ್ನ ಪ್ರಕಾರ ಅದು ತಪ್ಪು ಮದ್ದು. ಮಸುಕು ಇರುವುದು ಒಂದೇ ದಿಕ್ಕಿನಲ್ಲಿ, ಬಯಾಸ್ ಎರಡೂ ದಿಕ್ಕನ್ನು ಒಟ್ಟಿಗೆ ಎಳೆಯುತ್ತದೆ.

ಮೈನಸ್ ಬಯಾಸ್‌ಗೆ ನ್ಯಾಯವಾದ ಜಾಗವೂ ಒಂದಿದೆ. ಈಗಿನ ಗೇಮ್‌ಗಳು ಚಿತ್ರವನ್ನು ಚಿಕ್ಕದಾಗಿ ಬಿಡಿಸಿ, ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್‌ನಂಥ ತಂತ್ರದಿಂದ ಹಲವು ಫ್ರೇಮ್‌ಗಳನ್ನು ಬೆರೆಸಿ ದೊಡ್ಡದು ಮಾಡುತ್ತವೆ. ಚಿಕ್ಕ ಪರದೆಯ ಲೆಕ್ಕದಲ್ಲಿ ಹಂತ ಆರಿಸಿದರೆ ದೊಡ್ಡ ಪರದೆಗೆ ಅದು ಮಸುಕು. ಹಾಗಾಗಿ ಎಫ್‌ಎಸ್‌ಆರ್ 2ರ ಸೂಚನೆಯಂತೆ, ಅಡ್ಡ-ಉದ್ದ ಎರಡನ್ನೂ ಒಂದೂವರೆ ಪಟ್ಟು ಹಿಗ್ಗಿಸುವ ಕ್ವಾಲಿಟಿ ಮೋಡ್‌ಗೆ ಬಯಾಸ್ ಸುಮಾರು ಮೈನಸ್ 1.58. ಪ್ರತಿ ಫ್ರೇಮ್‌ನಲ್ಲೂ ಕ್ಯಾಮೆರಾವನ್ನು ಪಿಕ್ಸೆಲ್ಲಿಗಿಂತ ಕಡಿಮೆ ಅಲುಗಿಸಿ, ಬಂದ ಫ್ರೇಮ್‌ಗಳನ್ನು ಸರಾಸರಿ ಮಾಡುವುದರಿಂದ ಮಿಣುಕು ಅಲ್ಲಿ ಕರಗುತ್ತದೆ. ಆಟಗಾರ ಆ ತಂತ್ರವನ್ನು ಆರಿಸಿದಾಗ ಬಯಾಸ್ ಹಾಕಿ, ಆರಿಸದಾಗ ತೆಗೆಯಲು ಗೇಮ್ ಮರೆತರೆ ಸರಾಸರಿ ಮಾಡುವವರು ಯಾರೂ ಇಲ್ಲದೆ ಇಡೀ ನೆಲ ಕುದಿಯತೊಡಗುತ್ತದೆ.

ದೋಷ ಎಲ್ಲಿದೆ ಎಂದು ಪತ್ತೆ ಹಚ್ಚಲು ಗೇಮ್ ತಯಾರಿಸುವವರು ಬಳಸುವ ಹಳೆಯ ಉಪಾಯ ಇದು: ಪ್ರತಿ ಹಂತಕ್ಕೂ ಬೇರೆ ಬೇರೆ ಬಣ್ಣ ಬಳಿದ ಟೆಕ್ಸ್ಚರನ್ನು ರಸ್ತೆಗೆ ಹಾಕುವುದು. ಸೊನ್ನೆಗೆ ಕೆಂಪು, ಒಂದಕ್ಕೆ ಹಸಿರು, ಎರಡಕ್ಕೆ ನೀಲಿ, ಹೀಗೆ. ರಸ್ತೆ ದಿಗಂತದವರೆಗೂ ಕೆಂಪಾಗಿದ್ದರೆ ಹಂತಗಳನ್ನು ಓದುತ್ತಲೇ ಇಲ್ಲ, `maxLod` ನೋಡಬೇಕು. ಬಣ್ಣಗಳು ಕಾಲ ಬುಡದಲ್ಲೇ ದಡದಡನೆ ಬದಲಾಗಿ ಮುಗಿದರೆ ಅನೈಸೊಟ್ರೊಪಿಕ್ ಕೆಲಸ ಮಾಡುತ್ತಿಲ್ಲ. ಒಂದರೊಳಗೊಂದು ಬೆರೆಯದೆ ಕತ್ತರಿಸಿದಂತೆ ಬದಲಾದರೆ ಟ್ರೈಲೀನಿಯರ್ ಇಲ್ಲ. ಬಣ್ಣಗಳೆಲ್ಲ ಸರಿಯಾದ ಜಾಗದಲ್ಲಿದ್ದು ಆದರೂ ಮಿನುಗುತ್ತಿದ್ದರೆ ಹುಡುಕುವ ಜಾಗವೇ ಬೇರೆ. ದೂರದ ತಂತಿಬೇಲಿ, ಕಂಬಗಳ ಅಂಚು ಕುಣಿಯುವುದಕ್ಕೂ ಟೆಕ್ಸ್ಚರಿಗೂ ಸಂಬಂಧವಿಲ್ಲ, ಅದು ಆಕಾರದ ಅಂಚಿನ ಸಮಸ್ಯೆ. ಮಳೆಯಲ್ಲಿ ನೆಂದ ರಸ್ತೆಯ ಹೊಳಪು ಕಿಡಿಕಿಡಿಯಾಗಿ ಹಾರುತ್ತಿದ್ದರೆ ಉಬ್ಬುತಗ್ಗುಗಳನ್ನು ತಿಳಿಸುವ ಇನ್ನೊಂದು ಟೆಕ್ಸ್ಚರನ್ನು ಶಂಕಿಸಬೇಕು. ಉಬ್ಬುತಗ್ಗುಗಳ ಸರಾಸರಿ ತೆಗೆದರೆ ನೆಲ ನುಣುಪಾಗಿಬಿಡುತ್ತದೆ, ನುಣುಪಾದದ್ದು ಕನ್ನಡಿಯಂತೆ ಹೊಳೆಯುತ್ತದೆ. ಹಂತ ಏರಿದಂತೆ ಒರಟುತನವನ್ನೂ ಲೆಕ್ಕಕ್ಕೆ ಸೇರಿಸುತ್ತ ಹೋಗುವುದು ಅದಕ್ಕೆ ಮದ್ದು; ಯಾವ ಸ್ಯಾಂಪ್ಲರ್ ಸೂಚನೆಯೂ ಅದನ್ನು ಮಾಡಿಕೊಡುವುದಿಲ್ಲ.

ಆಡುವವರಿಗೆ ಇಷ್ಟೆಲ್ಲ ಬೇಕಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಈಗಿನ ಕಂಪ್ಯೂಟರಿನಲ್ಲಿ ಅನೈಸೊಟ್ರೊಪಿಕ್ 16x ಇಟ್ಟುಬಿಡಿ. ನೆರಳು, ಪ್ರತಿಬಿಂಬಗಳಿಗೆ ಹೋಲಿಸಿದರೆ ಅದರ ಖರ್ಚು ಬಹಳ ಸಣ್ಣದು. ಮೊಬೈಲಿನಲ್ಲಿ ಮೆಮೊರಿಯಿಂದ ಓದುವುದೇ ದುಬಾರಿ, ಬ್ಯಾಟರಿಯೂ ತಿನ್ನುತ್ತದೆ, ಅಲ್ಲಿ 4x ಸಾಕು. ಗೇಮ್‌ನಲ್ಲಿ ಆ ಆಯ್ಕೆಯೇ ಇಲ್ಲದಿದ್ದರೆ ಕಾರ್ಡಿನ ಡ್ರೈವರ್ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅದನ್ನು ಬಲವಂತವಾಗಿ ಹಾಕಲು ಹಲವು ಸಲ ಸಾಧ್ಯ. ಅಲ್ಲೇ ಪಕ್ಕದಲ್ಲಿ ಬಯಾಸ್ ಬದಲಿಸುವ ಆಯ್ಕೆ ಕಂಡರೆ ಅದನ್ನು ಮಾತ್ರ ಮುಟ್ಟಬೇಡಿ.